ಪಾಸ್‌ಬುಕ್‌ನಲ್ಲಿ 28 ಬಡ್ಡಿ ಎಂಟ್ರಿ, ಆದರೂ ಅಕೌಂಟ್ ಡಾರ್ಮೆಂಟ್: ಏನಿದು, ಮತ್ತೆ ಚಾಲೂ ಮಾಡಿಸುವುದು ಹೇಗೆ?

ಕಳೆದ ವರ್ಷ ಜುಲೈನಲ್ಲಿ ನಮ್ಮ ಭಾವ ಹಳೇ ಟ್ರಂಕ್ ಕ್ಲೀನ್ ಮಾಡುವಾಗ ಒಂದು ಪಾಸ್‌ಬುಕ್ ಸಿಕ್ಕಿತು. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುತ್ತಿದ್ದಾಗ ಕಂಪನಿಯವರೇ ಮಾಡಿಸಿಕೊಟ್ಟಿದ್ದ ಸಂಬಳದ ಅಕೌಂಟ್ ಅದು. 2018ರ ಜೂನ್‌ನಲ್ಲಿ ಕೆಲಸ ಬಿಟ್ಟು ಹಾಸನಕ್ಕೆ ಬಂದರು. ಬಂದಮೇಲೆ ಆಗಸ್ಟ್ 11ರಂದು ಎಟಿಎಂನಲ್ಲಿ ₹2,000 ತೆಗೆದರು, ಅಷ್ಟೇ. ಆಮೇಲೆ ಆ ಕಾರ್ಡ್ ಎಲ್ಲಿ ಹೋಯಿತೋ, ಅವರಿಗೂ ನೆನಪಿಲ್ಲ. ಪಾಸ್‌ಬುಕ್‌ನ ಕೊನೇ ಸಾಲಿನಲ್ಲಿ ₹38,640 ಇತ್ತು.

ಹಾಸನದಲ್ಲೇ ಆ ಬ್ಯಾಂಕಿನ ಬ್ರಾಂಚ್ ಇದೆ. ಇಬ್ಬರೂ ಹೋದೆವು. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಮೆಷಿನ್ ನಿಲ್ಲಿಸುವ ಹಾಗೇ ಕಾಣಲಿಲ್ಲ. ಸಾಲು ಸಾಲಾಗಿ ಬಡ್ಡಿ, ಬಡ್ಡಿ, ಬಡ್ಡಿ. ಎಣಿಸಿದರೆ 28 ಸಲ. ಮಧ್ಯೆ ಎರಡು ಕಡೆ ಡೆಬಿಟ್ ಕಾರ್ಡ್ ಚಾರ್ಜ್ ಅಂತ ₹177 ಕಳೆದಿದ್ದರು. ಕೊನೆಗೆ ಬ್ಯಾಲೆನ್ಸ್ ₹47,000 ಚಿಲ್ಲರೆ. ಭಾವನ ಮುಖ ಅರಳಿತು. ಚೀಟಿ ಬರೆದು ಐದು ಸಾವಿರ ತೆಗೆಯೋಣ ಅಂತ ಕೌಂಟರ್‌ಗೆ ಹೋದರೆ, "ಸಾರ್, ಇದು ಡಾರ್ಮೆಂಟ್ ಆಗಿದೆ, ದುಡ್ಡು ಬರಲ್ಲ" ಅಂದರು.

"ಮೂರು ತಿಂಗಳಿಗೊಂದು ಸಲ ಬಡ್ಡಿ ಬರ್ತಾನೇ ಇದೆಯಲ್ಲ, ಮತ್ತೆ ಡಾರ್ಮೆಂಟ್ ಹೇಗಾಗುತ್ತೆ?" ಇದು ಭಾವನ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಾದರೆ ಇಡೀ ವಿಷಯವೇ ಅರ್ಥವಾದ ಹಾಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

## ಬ್ಯಾಂಕ್ ನೋಡುವುದು ದುಡ್ಡು ಓಡಾಡಿತಾ ಅಂತ ಅಲ್ಲ, ನೀವು ಓಡಾಡಿದಿರಾ ಅಂತ

ರಿಸರ್ವ್ ಬ್ಯಾಂಕ್ ನಿಯಮ ಸರಳವಾಗಿದೆ. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಗ್ರಾಹಕರ ಕಡೆಯಿಂದ ಒಂದೂ ವಹಿವಾಟು ಆಗದಿದ್ದರೆ ಆ ಉಳಿತಾಯ ಖಾತೆ ಇನಾಪರೇಟಿವ್, ಅಂದರೆ ನಿಷ್ಕ್ರಿಯ. ಡಾರ್ಮೆಂಟ್ ಅಂತ ಕೌಂಟರ್‌ನಲ್ಲಿ ಹೇಳುವುದೂ ಇದನ್ನೇ. ಒಂದು ವರ್ಷ ಆದಾಗ ಒಂದು ಹೆಸರು, ಎರಡು ವರ್ಷ ಆದಾಗ ಇನ್ನೊಂದು ಹೆಸರು ಇಟ್ಟುಕೊಂಡಿರುವ ಬ್ಯಾಂಕುಗಳೂ ಇವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಯಮದ ಗಡಿ ಎರಡು ವರ್ಷ.

ಇಲ್ಲಿ ಮುಖ್ಯವಾದದ್ದು "ಗ್ರಾಹಕರ ಕಡೆಯಿಂದ" ಅನ್ನುವ ಮಾತು. ಬಡ್ಡಿ ಹಾಕಿದ್ದು ಯಾರು? ಬ್ಯಾಂಕು. ಕಾರ್ಡ್ ಚಾರ್ಜ್ ಕಳೆದಿದ್ದು ಯಾರು? ಅದೂ ಬ್ಯಾಂಕು. ದಂಡ, ಶುಲ್ಕ, ತೆರಿಗೆ ಕಡಿತ ಎಲ್ಲವೂ ಹಾಗೆಯೇ. ಬ್ಯಾಂಕ್ ತಾನೇ ಮಾಡಿದ ಎಂಟ್ರಿ ಸಾವಿರ ಇದ್ದರೂ ಲೆಕ್ಕಕ್ಕಿಲ್ಲ.

ಊರಲ್ಲಿ ಬೀಗ ಹಾಕಿದ ಮನೆ ಇರುತ್ತದಲ್ಲ, ಹಾಗೆ. ಹಿತ್ತಿಲಲ್ಲಿ ತೆಂಗಿನಕಾಯಿ ಬೀಳುತ್ತಿರುತ್ತದೆ, ಕರೆಂಟ್ ಬಿಲ್ ಬಂದು ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಮನೆಯಲ್ಲಿ ಏನೇನೋ ಆಗುತ್ತಿದೆ ಅಂತ ಅನಿಸಬಹುದು, ಆದರೆ ಬಾಗಿಲು ತೆಗೆದು ಒಳಗೆ ಹೋದವರು ಯಾರೂ ಇಲ್ಲ. ಭಾವ ಕೊನೇ ಸಲ ಬಾಗಿಲು ತೆಗೆದದ್ದು 2018ರ ಆಗಸ್ಟ್‌ನಲ್ಲಿ, ಆ ₹2,000 ತೆಗೆದ ದಿನ. ಅಲ್ಲಿಂದ ಎರಡು ವರ್ಷ ಎಣಿಸಿ. 2020ರ ಆಗಸ್ಟ್ ದಾಟಿದ ಮೇಲೆ ಅಕೌಂಟ್ ಡಾರ್ಮೆಂಟ್. ನಡುವಿನ ಬಡ್ಡಿ ಎಂಟ್ರಿಗಳು ಬರೀ ತೆಂಗಿನಕಾಯಿ.

## ಹಾಗಾದರೆ ಯಾವುದು ಲೆಕ್ಕಕ್ಕೆ ಬರುತ್ತದೆ?

ಜಾಸ್ತಿ ಜನ ಅಂದುಕೊಂಡಿರುವುದಕ್ಕಿಂತ ಇಲ್ಲಿ ನಿಯಮ ಉದಾರವಾಗಿದೆ. ಎಟಿಎಂನಲ್ಲಿ ದುಡ್ಡು ತೆಗೆಯುವುದು, ಕಟ್ಟುವುದು, ಯುಪಿಐ, ಚೆಕ್, ನೆಫ್ಟ್, ಇವೆಲ್ಲ ಬರುತ್ತವೆ, ಅದು ಗೊತ್ತಿರುವುದೇ. ನಿಮಗೆ ಬರುವ ಷೇರಿನ ಡಿವಿಡೆಂಡ್, ಇನ್‌ಕಮ್ ಟ್ಯಾಕ್ಸ್ ರೀಫಂಡ್, ಸರ್ಕಾರದಿಂದ ನೇರ ಜಮೆಯಾಗುವ ಹಣ ಕೂಡ ಲೆಕ್ಕಕ್ಕೆ ಬರುತ್ತದೆ. ಅಂದರೆ ಪ್ರತಿ ತಿಂಗಳು ಗೃಹಲಕ್ಷ್ಮಿ ದುಡ್ಡು ಬೀಳುವ ಅಕೌಂಟ್ ಅದರ ಪಾಡಿಗೆ ಚಾಲೂ ಇರುತ್ತದೆ, ಅಮ್ಮ ಆರು ತಿಂಗಳು ಬ್ಯಾಂಕಿನ ಕಡೆ ತಲೆ ಹಾಕದಿದ್ದರೂ.

ಫಿಕ್ಸೆಡ್ ಡೆಪಾಸಿಟ್ ಬಡ್ಡಿಯನ್ನು ಈ ಉಳಿತಾಯ ಖಾತೆಗೇ ಹಾಕಿ ಅಂತ ನೀವು ಬರೆದುಕೊಟ್ಟಿದ್ದರೆ ಆ ಜಮೆಯೂ ನಿಮ್ಮದೇ ವಹಿವಾಟು. ಯಾಕೆಂದರೆ ಹಾಕಿ ಅಂತ ಹೇಳಿದ್ದು ನೀವು. ಉಳಿತಾಯ ಖಾತೆಯ ಬಡ್ಡಿ ಲೆಕ್ಕಕ್ಕಿಲ್ಲ, ಎಫ್‌ಡಿ ಬಡ್ಡಿ ಲೆಕ್ಕಕ್ಕಿದೆ. ನೋಡಲು ಎರಡೂ ಬಡ್ಡಿಯೇ, ಆದರೆ ಒಂದರ ಹಿಂದೆ ನಿಮ್ಮ ಮಾತಿದೆ, ಇನ್ನೊಂದರ ಹಿಂದೆ ಇಲ್ಲ.

ದುಡ್ಡೇ ಓಡಾಡಬೇಕು ಅಂತಲೂ ಇಲ್ಲ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮೊಬೈಲ್ ಬ್ಯಾಂಕಿಂಗ್ ಆ್ಯಪ್‌ಗೋ ನೆಟ್ ಬ್ಯಾಂಕಿಂಗ್‌ಗೋ ಸರಿಯಾಗಿ ಲಾಗಿನ್ ಆದರೆ ಅದೂ ನೀವು ಬಾಗಿಲು ತೆಗೆದ ಹಾಗೇ. ಚೆಕ್‌ಬುಕ್ ಕೇಳುವುದು, ನಾಮಿನಿ ಬದಲಾಯಿಸುವುದು, ಕೆವೈಸಿ ಹೊಸದಾಗಿ ಕೊಡುವುದು ಎಲ್ಲ ಸೇರುತ್ತದೆ. ಹಾಗಾಗಿ ಸುಮ್ನೆ ಇಟ್ಟುಕೊಂಡಿರುವ ಎರಡನೇ ಅಕೌಂಟ್ ಇದ್ದರೆ, ವರ್ಷಕ್ಕೊಂದು ಸಲ ಯುಗಾದಿ ಹಬ್ಬದ ದಿನ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿದರೂ ಸಾಕು.

ಇಲ್ಲೊಂದು ಎಡವಟ್ಟು ಆಗುತ್ತದೆ. ಒಂದೇ ಬ್ಯಾಂಕಿನಲ್ಲಿ ನಿಮ್ಮದು ಎರಡು ಅಕೌಂಟ್ ಇದ್ದು, ಒಂದನ್ನು ದಿನಾ ಬಳಸುತ್ತಿದ್ದರೂ ಇನ್ನೊಂದು ಡಾರ್ಮೆಂಟ್ ಆಗಬಹುದು. ಬ್ಯಾಂಕ್ ಎಣಿಸುವುದು ಖಾತೆಯ ಲೆಕ್ಕದಲ್ಲಿ, ಮನುಷ್ಯನ ಲೆಕ್ಕದಲ್ಲಿ ಅಲ್ಲ. "ನಾನು ವಾರಕ್ಕೊಂದು ಸಲ ಇದೇ ಬ್ಯಾಂಕಿಗೆ ಬರ್ತೀನಿ, ನನ್ನ ಮುಖ ಗೊತ್ತಿಲ್ವಾ" ಅನ್ನುವ ವಾದ ನಡೆಯುವುದಿಲ್ಲ.

## ಯಾಕೆ ಬೀಗ ಹಾಕುತ್ತಾರೆ?

ಯಾರೂ ನೋಡದ ದುಡ್ಡು ಕಳ್ಳರಿಗೆ ಸುಲಭ. ಚಾಲೂ ಇರುವ ಅಕೌಂಟ್‌ನಿಂದ ನೂರು ರೂಪಾಯಿ ಹೋದರೂ ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಮೆಸೇಜ್ ಬರುತ್ತದೆ. ಭಾವನ ಅಕೌಂಟ್‌ನಿಂದ ಯಾರೋ ಸಹಿ ನಕಲು ಮಾಡಿ ₹40,000 ತೆಗೆದಿದ್ದರೆ, ಟ್ರಂಕ್ ಕ್ಲೀನ್ ಮಾಡುವ ತನಕ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮೋಸ ಹೊರಗಿನವರಿಂದಲೇ ಆಗಬೇಕು ಅಂತಿಲ್ಲ, ಯಾವ ಅಕೌಂಟ್ ವರ್ಷಗಟ್ಟಲೆ ಸುಮ್ಮನಿದೆ ಅನ್ನುವುದು ಒಳಗಿನವರಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಇಂಥ ಖಾತೆಗಳನ್ನು ಬೇರೆ ಗುರುತು ಹಾಕಿ ಇಡುತ್ತಾರೆ. ಗ್ರಾಹಕರೇ ಬಂದು ಚಾಲೂ ಮಾಡಿಸುವ ತನಕ ದುಡ್ಡು ಹೊರಗೆ ಹೋಗಬಾರದು. ಚಾಲೂ ಆದಮೇಲೂ ಕಡಿಮೆಯೆಂದರೆ ಆರು ತಿಂಗಳು ಮೇಲಿನವರು ಆ ಖಾತೆಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಅದು ನಿಮಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಬೀಗ ಹಾಕಿದರು ಅಂದರೆ ದುಡ್ಡು ಹೋಯಿತು ಅಂತ ಅಲ್ಲ. ಬಡ್ಡಿ ನಿಲ್ಲುವುದಿಲ್ಲ. ಭಾವನಿಗೆ ಏಳು ವರ್ಷದಲ್ಲಿ ಹತ್ತಿರ ಹತ್ತಿರ ₹9,000 ಬಡ್ಡಿಯೇ ಬಂದಿತ್ತು. ಡಾರ್ಮೆಂಟ್ ಆದ ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ ಹಾಕುವ ಹಾಗೂ ಇಲ್ಲ. ಆದರೆ ಡಾರ್ಮೆಂಟ್ ಆಗುವ ಮುಂಚಿನ ಎರಡು ವರ್ಷಕ್ಕೆ ಈ ರಕ್ಷಣೆ ಇಲ್ಲ. ಸಂಬಳ ನಿಂತ ಕೆಲವು ತಿಂಗಳಿಗೆ ಸಂಬಳದ ಖಾತೆ ಮಾಮೂಲಿ ಉಳಿತಾಯ ಖಾತೆ ಆಗಿಬಿಡುತ್ತದೆ, ಮಿನಿಮಮ್ ಬ್ಯಾಲೆನ್ಸ್ ಕೇಳುವ ಬ್ಯಾಂಕ್ ಆದರೆ ಆ ಷರತ್ತು ಶುರು. ಐನೂರು, ಸಾವಿರ ಬಿಟ್ಟು ಬಂದವರ ಅಕೌಂಟ್ ತೆಗೆದು ನೋಡಿದರೆ ಸೊನ್ನೆ ಇರುವುದು ಇದಕ್ಕೇ. ಸೊನ್ನೆಗಿಂತ ಕೆಳಗೆ ಇಳಿಸಿ "ನೀವೇ ನಮಗೆ ಕೊಡಬೇಕು" ಅನ್ನುವ ಹಾಗಿಲ್ಲ, ಅದನ್ನು ರಿಸರ್ವ್ ಬ್ಯಾಂಕ್ 2014ರಲ್ಲೇ ನಿಲ್ಲಿಸಿದೆ.

ಇನ್ನೊಂದು ಸಣ್ಣ ಮಾತು. ಕಣ್ಣಿಗೆ ಬೀಳದಿದ್ದರೂ ಆ ಬಡ್ಡಿ ಆಯಾ ವರ್ಷದ ನಿಮ್ಮ ಆದಾಯವೇ. ರಿಟರ್ನ್ಸ್ ಹಾಕುವವರು ಇದನ್ನು ಮರೆಯಬೇಡಿ.

## ಒಂದು ಬಾಗಿಲಿಗೆ ಮೂರು ಬೀಗ

ಜಾಸ್ತಿ ಜನ ತಿರುಗಿ ತಿರುಗಿ ಸುಸ್ತಾಗುವುದು ಇಲ್ಲೇ. ಹಳೇ ಅಕೌಂಟ್‌ನಿಂದ ದುಡ್ಡು ಬರುತ್ತಿಲ್ಲ ಅಂದರೆ ಕಾರಣ ಒಂದೇ ಇರಬೇಕಿಲ್ಲ.

ಮೊದಲನೇ ಬೀಗ ಡಾರ್ಮೆಂಟ್, ಅದನ್ನು ಹೇಳಿಯಾಯಿತು. ಎರಡನೆಯದು ಕೆವೈಸಿ. ನಿಮ್ಮ ಗುರುತು, ವಿಳಾಸದ ದಾಖಲೆಯನ್ನು ಬ್ಯಾಂಕ್ ಆಗಾಗ ಹೊಸದು ಮಾಡಿಕೊಳ್ಳಬೇಕು. ರಿಸ್ಕ್ ಕಡಿಮೆ ಇರುವ ಗ್ರಾಹಕರಾದರೆ 10 ವರ್ಷಕ್ಕೊಮ್ಮೆ, ನಡುವಿನವರಿಗೆ 8 ವರ್ಷಕ್ಕೊಮ್ಮೆ, ಜಾಸ್ತಿ ರಿಸ್ಕ್ ಅಂತ ಗುರುತಿಸಿದವರಿಗೆ 2 ವರ್ಷಕ್ಕೊಮ್ಮೆ. ಅದು ಬಾಕಿ ಇದ್ದರೆ ದಿನಾ ಬಳಸುವ ಅಕೌಂಟ್‌ಗೂ ತಡೆ ಬೀಳಬಹುದು. ಇದು ಡಾರ್ಮೆಂಟ್ ಅಲ್ಲ, ಬೇರೆಯೇ ತಡೆ. ಏಳೆಂಟು ವರ್ಷ ಬಿಟ್ಟ ಖಾತೆಯಲ್ಲಿ ಎರಡೂ ಒಟ್ಟಿಗೆ ಇರುವುದೇ ಹೆಚ್ಚು.

ಮೂರನೆಯದು ಮೊಬೈಲ್ ನಂಬರ್. ಇದು ಬ್ಯಾಂಕ್ ಹಾಕಿದ ಬೀಗ ಅಲ್ಲ, ಆದರೆ ಇದು ಸರಿ ಇಲ್ಲದಿದ್ದರೆ ಆ್ಯಪ್ ಇಲ್ಲ, ಯುಪಿಐ ಇಲ್ಲ, ಓಟಿಪಿ ಇಲ್ಲ. ಭಾವನ ಅಕೌಂಟ್‌ಗೆ ಇದ್ದದ್ದು ಕಂಪನಿ ಕೊಟ್ಟ ಸಿಮ್. ಕೆಲಸ ಬಿಡುವಾಗ ವಾಪಸ್ ಕೊಟ್ಟು ಬಂದಿದ್ದರು. ಬಳಸದೆ ಬಿಟ್ಟ ನಂಬರನ್ನು ಮೊಬೈಲ್ ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ಅಂದರೆ ನಿಮ್ಮ ಅಕೌಂಟಿನ ಓಟಿಪಿ ಯಾರದೋ ಜೇಬಿನಲ್ಲಿ ಗುಂಯ್ ಅನ್ನುತ್ತಿರಬಹುದು. ನನ್ನ ಪ್ರಕಾರ ಬೇರೆ ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದ್ದು ಇದು.

ಹಾಗಾಗಿ ಕೌಂಟರ್‌ನಲ್ಲಿ "ಅಕೌಂಟ್ ಚಾಲೂ ಮಾಡಿಕೊಡಿ" ಅಂತ ಮಾತ್ರ ಕೇಳಬೇಡಿ. "ಇದಕ್ಕೆ ಯಾವ ಯಾವ ತಡೆ ಇದೆ, ಡಾರ್ಮೆಂಟ್ ಮಾತ್ರನಾ, ಕೆವೈಸಿನೂ ಬಾಕಿ ಇದೆಯಾ, ಯಾವ ಮೊಬೈಲ್ ನಂಬರ್ ಇದೆ" ಅಂತ ಕೇಳಿ. ಅವರ ಸ್ಕ್ರೀನಿನಲ್ಲಿ ಎಲ್ಲ ಕಾಣುತ್ತದೆ. ನಂಬರ್ ಪೂರ್ತಿ ಹೇಳದಿದ್ದರೂ ಕೊನೇ ಎರಡು ಮೂರು ಅಂಕಿ ಹೇಳುತ್ತಾರೆ.

## ಹಾಸನದ ಆ ಕೌಂಟರ್‌ನಲ್ಲಿ ಆಗಿದ್ದು

ಮೊದಲು ಹೇಳಿದ್ದು ನಿರೀಕ್ಷೆ ಮಾಡಿದ್ದ ಮಾತೇ. "ಇದು ಪೀಣ್ಯ ಬ್ರಾಂಚ್ ಅಕೌಂಟು, ಅಲ್ಲೇ ಹೋಗಬೇಕು."

ಹೋಗಬೇಕಿಲ್ಲ. ಡಾರ್ಮೆಂಟ್ ಖಾತೆ ಚಾಲೂ ಮಾಡಿಸಲು ಬೇಕಾದ ಕೆವೈಸಿಯನ್ನು ಬ್ಯಾಂಕಿನ ಯಾವ ಬ್ರಾಂಚ್‌ನಲ್ಲಾದರೂ ತೆಗೆದುಕೊಳ್ಳಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮದಲ್ಲೇ ಇದೆ. 2025ರ ಜೂನ್‌ನಲ್ಲಿ ಮಾಡಿದ ತಿದ್ದುಪಡಿಯಲ್ಲಿ ಹಳ್ಳಿಗಳಲ್ಲಿ ಕೂತು ಕೆಲಸ ಮಾಡುವ ಬ್ಯಾಂಕ್ ಮಿತ್ರರ ಸಹಾಯವನ್ನೂ ಬ್ಯಾಂಕ್ ಪಡೆಯಬಹುದು ಅಂತ ಸೇರಿಸಿದರು. ವಿಡಿಯೊ ಕಾಲ್ ಮೇಲೆ ಕೆವೈಸಿ ಮಾಡುವ ವ್ಯವಸ್ಥೆ ಇರುವ ಬ್ಯಾಂಕ್ ಆದರೆ, ಕೇಳಿದರೆ ಅದನ್ನೂ ಮಾಡಿಕೊಡಬೇಕು.

ಭಾವ ಜಗಳ ಆಡುವವರಲ್ಲ. "ಮ್ಯಾನೇಜರ್ ಹತ್ರ ಒಂದು ಮಾತು ಕೇಳಲಾ ಮೇಡಂ, ಯಾವ ಬ್ರಾಂಚ್‌ನಲ್ಲಾದರೂ ಆಗುತ್ತೆ ಅಂತ ರಿಸರ್ವ್ ಬ್ಯಾಂಕ್ ಹೇಳಿದೆಯಂತೆ" ಅಂದರು. ಒಳಗೆ ಹೋಗಿ ಬಂದ ಮೇಡಂ ಎರಡು ಫಾರಂ ಕೊಟ್ಟರು. ಒಂದು ಖಾತೆ ಚಾಲೂ ಮಾಡಿಸುವ ಅರ್ಜಿ, ಇನ್ನೊಂದು ಕೆವೈಸಿ. ಅರ್ಜಿಯ ಫಾರಂ ಇಲ್ಲದ ಕಡೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ನಡೆಯುತ್ತದೆ: ಖಾತೆ ನಂಬರ್, ಇಷ್ಟು ವರ್ಷ ಬಳಸದೇ ಇದ್ದ ಕಾರಣ, ಚಾಲೂ ಮಾಡಿಕೊಡಿ ಅನ್ನುವ ಕೋರಿಕೆ, ಸಹಿ. ಕಾರಣ ಅಂತ ದೊಡ್ಡ ಕಥೆ ಬೇಡ. "ಕೆಲಸ ಬಿಟ್ಟು ಊರಿಗೆ ಬಂದೆ" ಅಂತ ಭಾವ ಬರೆದದ್ದು ಒಂದೇ ಸಾಲು.

ಜೊತೆಗೆ ಕೊಟ್ಟದ್ದು ಆಧಾರ್ ಮತ್ತು ಪ್ಯಾನ್ ಜೆರಾಕ್ಸ್, ಎರಡು ಫೋಟೊ, ಹಳೇ ಪಾಸ್‌ಬುಕ್. ಅಸಲು ಕಾರ್ಡ್‌ಗಳನ್ನು ತೋರಿಸಲು ಇಟ್ಟುಕೊಂಡಿರಬೇಕು, ಜೆರಾಕ್ಸ್ ಮೇಲೆ ಅಲ್ಲೇ ಸಹಿ ಹಾಕಿಸಿಕೊಳ್ಳುತ್ತಾರೆ. ಪ್ಯಾನ್ ಇಲ್ಲದವರು ಪ್ಯಾನ್ ಇಲ್ಲ ಅಂತ ಘೋಷಿಸುವ ಫಾರಂ ತುಂಬಬೇಕು. ಆಧಾರ್ ಬದಲು ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ನರೇಗಾ ಜಾಬ್ ಕಾರ್ಡ್ ಕೂಡ ಆಗುತ್ತದೆ. ಮೊಬೈಲ್ ನಂಬರ್ ಬದಲಾವಣೆಗೆ ಕೆವೈಸಿ ಫಾರಂನಲ್ಲೇ ಜಾಗ ಇತ್ತು.

ಸಿಕ್ಕಿಹಾಕಿಕೊಂಡಿದ್ದು ಸಹಿಯಲ್ಲಿ. ಖಾತೆ ತೆರೆಯುವಾಗ ಭಾವ ಇಂಗ್ಲಿಷ್‌ನಲ್ಲಿ ಗೀಚಿದ ಹಾಗೆ ಸಹಿ ಮಾಡಿದ್ದರು. ಈಗ ಕನ್ನಡದಲ್ಲಿ ಹೆಸರು ಬರೆಯುತ್ತಾರೆ. ಮೇಡಂ ಸ್ಕ್ರೀನ್ ನೋಡಿ, ಅರ್ಜಿ ನೋಡಿ, ಮತ್ತೆ ಸ್ಕ್ರೀನ್ ನೋಡಿ, "ಮ್ಯಾಚ್ ಆಗ್ತಿಲ್ಲ ಸಾರ್" ಅಂದರು. ಹಳೇ ಸಹಿ ನೆನಪಿಸಿಕೊಂಡು ಹಾಕೋಣ ಅಂತ ಭಾವ ಒಂದು ರಫ್ ಹಾಳೆ ಕೇಳಿದರು. ನಾನು ಬೇಡ ಅಂದೆ. ಏಳು ವರ್ಷ ಮುಟ್ಟದ ಅಕೌಂಟ್ ಮುಂದೆ ಕೂತು ಸಹಿ ಪ್ರಾಕ್ಟೀಸ್ ಮಾಡುವವನನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಇರುವ ವಿಷಯ ಹೇಳಿದರೆ ಅದಕ್ಕೂ ದಾರಿ ಇದೆ. ಸಹಿ ಬದಲಾಗಿದೆ ಅಂತ ಬರೆದುಕೊಟ್ಟು, ಆಫೀಸರ್ ಎದುರಿಗೆ ಹೊಸ ಮಾದರಿ ಸಹಿ ಹಾಕಿದರು. ಆಫೀಸರ್ ಮುಖ, ಆಧಾರ್ ಫೋಟೊ ಎರಡನ್ನೂ ನೋಡಿ ಒಪ್ಪಿಕೊಂಡರು.

ಎಲ್ಲ ಕೊಟ್ಟಮೇಲೆ ಕೆಲಸ ಎರಡು ಕೈ ದಾಟಬೇಕು. ಕೌಂಟರ್‌ನಲ್ಲಿ ಇರುವವರು ಸಿಸ್ಟಂಗೆ ಹಾಕುತ್ತಾರೆ, ಆಫೀಸರ್ ಪಾಸ್ ಮಾಡುತ್ತಾರೆ. ಹಾಗಾಗಿ ನಿಂತ ಕಾಲಲ್ಲೇ ಆಗಬೇಕು ಅಂತ ಕೂರಬೇಡಿ. ಆದರೆ ಗಡುವು ಇದೆ. ಪೂರ್ತಿ ದಾಖಲೆ ಸಮೇತ ಅರ್ಜಿ ಸಿಕ್ಕ ಮೂರು ಕೆಲಸದ ದಿನದೊಳಗೆ ಬ್ಯಾಂಕ್ ಮುಗಿಸಬೇಕು. ಚಾಲೂ ಆಯಿತು ಅಂತ ಮೆಸೇಜ್ ಕಳಿಸಬೇಕು. ಇದಕ್ಕೆ ಒಂದು ಪೈಸೆಯೂ ಶುಲ್ಕ ಇಲ್ಲ. ನಾವು ಕೊಟ್ಟದ್ದು ಸೋಮವಾರ, ಮೆಸೇಜ್ ಬಂದದ್ದು ಬುಧವಾರ ಸಂಜೆ.

ಬರುವ ಮುಂಚೆ ಅರ್ಜಿಯ ಒಂದು ಜೆರಾಕ್ಸ್ ಮೇಲೆ ಸೀಲು, ತಾರೀಖು ಹಾಕಿಸಿಕೊಂಡಿದ್ದೆವು. ಆ ಮೂರು ದಿನ ಯಾವತ್ತಿನಿಂದ ಅಂತ ತೋರಿಸಲು ಇರುವುದು ಅದೊಂದೇ ಕಾಗದ.

## ಚಾಲೂ ಆದ ಕೂಡಲೇ ಮಾಡಬೇಕಾದ್ದು

ಗುರುವಾರ ಹೋಗಿ ಭಾವ ಮೊದಲು ಮಾಡಿದ್ದು ₹1,000 ತೆಗೆದದ್ದು. ದುಡ್ಡಿನ ಆಸೆಗಲ್ಲ. ಮೆಸೇಜ್ ಬಂದರೂ ಕೆವೈಸಿ ತಡೆ ಹಾಗೇ ಉಳಿದಿರುವುದು ಉಂಟು, ದುಡ್ಡು ಕೈಗೆ ಬಂದರೆ ಬೀಗಗಳೆಲ್ಲ ತೆಗೆದಿವೆ ಅಂತ ಖಾತ್ರಿ. ಅದು ಹೊಸ ವಹಿವಾಟು ಆದ್ದರಿಂದ ಎರಡು ವರ್ಷದ ಎಣಿಕೆಯೂ ಅವತ್ತಿನಿಂದ ಹೊಸದಾಗಿ ಶುರು.

ಕೆಲವು ಬ್ಯಾಂಕುಗಳು ಶುರುವಿನಲ್ಲಿ ಇಷ್ಟೇ ಸಲ, ಇಷ್ಟೇ ಮೊತ್ತ ಅಂತ ಮಿತಿ ಇಡಬಹುದು, ಹೊಸ ಅಕೌಂಟ್‌ಗೆ ಇಡುವ ಹಾಗೆ. ಅದಕ್ಕೆ ನಿಯಮದಲ್ಲಿ ಅವಕಾಶ ಇದೆ. ಪೂರ್ತಿ ದುಡ್ಡು ಒಂದೇ ಸಲ ಬೇರೆ ಕಡೆ ಕಳಿಸಲು ಹೋಗಿ ಆಗದಿದ್ದರೆ ಗಾಬರಿ ಬೇಡ, ಮಿತಿ ಎಷ್ಟು, ಎಷ್ಟು ದಿನ ಅಂತ ಕೇಳಿ. ಹಳೇ ಡೆಬಿಟ್ ಕಾರ್ಡ್ ಅವಧಿ ಮುಗಿದಿರುತ್ತದೆ, ಹೊಸದಕ್ಕೆ ಬೇರೆ ಅರ್ಜಿ. ನಾಮಿನಿ ಯಾರು ಅಂತಲೂ ನೋಡಿಸಿ. ಭಾವನ ಖಾತೆಯಲ್ಲಿ ನಾಮಿನಿ ಅವರ ಅಮ್ಮ, ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಅಕ್ಕನ ಹೆಸರು ಹಾಕಿಸಿದರು.

ಸರ್ಕಾರದ ದುಡ್ಡು ಇದೇ ಅಕೌಂಟ್‌ಗೆ ಬರಬೇಕು ಅಂತಿದ್ದರೆ ಅದು ಬೇರೆ ಕೆಲಸ. ಆಧಾರ್ ನಂಬರ್ ಕೆವೈಸಿಗೆ ಕೊಟ್ಟ ಮಾತ್ರಕ್ಕೆ ನೇರ ಜಮೆ ಇಲ್ಲಿಗೆ ತಿರುಗುವುದಿಲ್ಲ. ಆಧಾರ್ ಸೀಡಿಂಗ್‌ಗೆ, ಅಂದರೆ ನೇರ ಜಮೆಗೆ ಈ ಖಾತೆಯನ್ನು ಆಧಾರ್ ಜೊತೆ ಜೋಡಿಸುವುದಕ್ಕೆ, ಬೇರೆ ಒಪ್ಪಿಗೆ ಬರೆದುಕೊಡಬೇಕು, ಮತ್ತು ಒಂದು ಆಧಾರ್‌ಗೆ ಜಮೆಯಾಗುವುದು ಒಂದು ಕಾಲಕ್ಕೆ ಒಂದೇ ಬ್ಯಾಂಕಿಗೆ.

## ಹೋಗಲು ಬ್ಯಾಂಕೇ ಇಲ್ಲದಿದ್ದರೆ?

ನಮ್ಮ ಕಡೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಪಾಸ್‌ಬುಕ್ ಮೇಲೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅಂತಿದೆ, ಆ ಬೋರ್ಡ್ ಊರಲ್ಲಿ ಎಲ್ಲೂ ಇಲ್ಲ. ಅದು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು. ಐಎನ್‌ಜಿ ವೈಶ್ಯ 2015ರಲ್ಲೇ ಕೋಟಕ್ ಮಹೀಂದ್ರಾ ಆಗಿದೆ. 2025ರ ಮೇ 1ರಿಂದ ನಮ್ಮ ಗ್ರಾಮೀಣ ಬ್ಯಾಂಕುಗಳೂ ಸೇರಿ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ.

ಬ್ಯಾಂಕ್ ವಿಲೀನ ಆದರೆ ಠೇವಣಿಯೂ ಜೊತೆಗೇ ಹೋಗುತ್ತದೆ. ಈಗಿನ ಬ್ಯಾಂಕಿನ ಹತ್ತಿರದ ಬ್ರಾಂಚ್‌ಗೆ ಹಳೇ ಪಾಸ್‌ಬುಕ್ ಹಿಡಿದುಕೊಂಡು ಹೋಗಿ. ಖಾತೆ ನಂಬರ್ ಬದಲಾಗಿದ್ದರೆ ಹಳೇ ನಂಬರ್ ಹಾಕಿ ಹೊಸದನ್ನು ಹುಡುಕುತ್ತಾರೆ. ಪಾಸ್‌ಬುಕ್ ಕೂಡ ಇಲ್ಲ ಅಂದರೆ ಹಳೇ ಚೆಕ್ ಹಾಳೆ, ಸಂಬಳದ ಸ್ಲಿಪ್, ಆಗಿನ ಮೊಬೈಲ್ ನಂಬರ್, ಪ್ಯಾನ್, ಏನಾದರೂ ಒಂದು ಎಳೆ ಸಾಕಾಗಬಹುದು.

## ಹತ್ತು ವರ್ಷ ದಾಟಿದರೆ

ಭಾವ 2028ರ ಆಗಸ್ಟ್ ತನಕವೂ ಆ ಟ್ರಂಕ್ ತೆಗೆಯದೇ ಇದ್ದಿದ್ದರೆ ಆ ದುಡ್ಡಿನ ದಾರಿ ಸ್ವಲ್ಪ ಬದಲಾಗುತ್ತಿತ್ತು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಹತ್ತಿರ ಇರುವ ಒಂದು ನಿಧಿಗೆ ಕಳಿಸುತ್ತವೆ. ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿ ಅಂತ ಅದರ ಹೆಸರು, 2014ರಿಂದ ಇದೆ. ಹೆಸರು ಕೇಳಿ ದಾನ ಹೋಯಿತು ಅಂದುಕೊಳ್ಳಬೇಡಿ. ನಿಮ್ಮ ಹಕ್ಕು ಹೋಗುವುದಿಲ್ಲ, ಅದಕ್ಕೆ ಕೊನೇ ತಾರೀಖು ಅಂತಲೂ ಇಲ್ಲ. ಕೇಳಬೇಕಾದ್ದು ರಿಸರ್ವ್ ಬ್ಯಾಂಕನ್ನಲ್ಲ, ನಿಮ್ಮ ಬ್ಯಾಂಕನ್ನೇ. ಅದೇ ಕೆವೈಸಿ, ಅದೇ ಅರ್ಜಿ. ಬ್ಯಾಂಕ್ ನಿಮಗೆ ಕೊಟ್ಟು ಆಮೇಲೆ ನಿಧಿಯಿಂದ ತೆಗೆದುಕೊಳ್ಳುತ್ತದೆ. ಬಡ್ಡಿ ಬರುವ ಖಾತೆಯಾಗಿದ್ದರೆ ನಿಧಿಯಲ್ಲಿದ್ದ ಕಾಲಕ್ಕೂ ಬಡ್ಡಿ ಇದೆ. 2021ರ ಮೇ ತಿಂಗಳಿಂದ ಅದರ ದರ ವರ್ಷಕ್ಕೆ 3%, ಸರಳ ಬಡ್ಡಿ.

ಅಪ್ಪನದೋ ಅಜ್ಜನದೋ ಇಂಥ ದುಡ್ಡು ಎಲ್ಲಾದರೂ ಇದೆಯಾ ಅಂತ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಅನ್ನುವ ತಾಣ ಮಾಡಿದೆ, ವಿಳಾಸ udgam.rbi.org.in. ಖಾತೆದಾರರ ಹೆಸರು, ಬ್ಯಾಂಕ್, ಜೊತೆಗೆ ಪ್ಯಾನ್, ವೋಟರ್ ಐಡಿ, ಹುಟ್ಟಿದ ತಾರೀಖು ಇಂಥದ್ದರಲ್ಲಿ ಒಂದು ಹಾಕಿ ಹುಡುಕಬಹುದು. ಹೆಸರಿನ ಸ್ಪೆಲ್ಲಿಂಗ್ ನಾಲ್ಕು ಥರ ಹಾಕಿ ನೋಡಿ, ಹಳೇ ಲೆಡ್ಜರ್‌ನಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ಮಾಮೂಲು. ಆದರೆ ಅಲ್ಲಿ ಸಿಗುವುದು ಹತ್ತು ವರ್ಷ ದಾಟಿದ್ದು ಮಾತ್ರ. ಭಾವನ ಹಾಗೆ ಏಳು ವರ್ಷದ ಅಕೌಂಟ್ ಆದರೆ ಉದ್ಗಮ್‌ನಲ್ಲಿ ಬರುವುದಿಲ್ಲ, ಬರಲಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲೂ ಅಲ್ಲ.

## ಬೇರೆ ದಾರಿ ಹಿಡಿಯಬೇಕಾದ ಕೆಲವು ಕೇಸು

ಖಾತೆದಾರರು ತೀರಿಕೊಂಡಿದ್ದರೆ ಚಾಲೂ ಮಾಡಿಸುವ ಮಾತೇ ಇಲ್ಲ. ಅದು ಮರಣ ಪ್ರಮಾಣಪತ್ರ ಕೊಟ್ಟು ನಾಮಿನಿ ಅಥವಾ ವಾರಸುದಾರರು ಮಾಡುವ ಕ್ಲೇಮ್, ಫಾರಂ ಬೇರೆ. ಅಪ್ಪನ ಎಟಿಎಂ ಪಿನ್ ಗೊತ್ತಿದೆ ಅಂತ ಬಳಸಿ ಖಾತೆಯನ್ನು ಜೀವಂತ ಇಡಲು ಹೋಗಬೇಡಿ, ಆಮೇಲೆ ಅಣ್ಣತಮ್ಮಂದಿರಿಗೆ ಉತ್ತರ ಕೊಡುವುದು ಕಷ್ಟ. ಜಂಟಿ ಖಾತೆ ಆದರೆ ಎಲ್ಲರ ಕೆವೈಸಿಯೂ ಬೇಕಾಗುತ್ತದೆ. ವಿದೇಶದಲ್ಲಿ ನೆಲೆಸಿದವರು ಕಾಲೇಜು ದಿನದ ಖಾತೆಯನ್ನು ಹಾಗೆಯೇ ಚಾಲೂ ಮಾಡಿಸಿಕೊಂಡು ಬಳಸುವ ಹಾಗಿಲ್ಲ, ಅದನ್ನು ಅನಿವಾಸಿಗಳಿಗೆ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಊರಿಗೆ ಬಂದಾಗ ಎರಡನ್ನೂ ಒಂದೇ ಸಲ ಕೇಳಿದರೆ ಅಲೆದಾಟ ಕಡಿಮೆ. ಅಂಚೆ ಕಚೇರಿ ಉಳಿತಾಯ ಖಾತೆಯ ಲೆಕ್ಕವೇ ಬೇರೆ: ಅಲ್ಲಿ ಸತತ ಮೂರು ಹಣಕಾಸು ವರ್ಷ ವಹಿವಾಟು ಇಲ್ಲದಿದ್ದರೆ ಸೈಲೆಂಟ್ ಖಾತೆ ಅನ್ನುತ್ತಾರೆ, ಕೆವೈಸಿ ಮತ್ತು ಪಾಸ್‌ಬುಕ್ ಕೊಟ್ಟು ಚಾಲೂ ಮಾಡಿಸಬೇಕು.

ಬ್ಯಾಂಕಿನವರು ಮೂರು ದಿನ ದಾಟಿಸಿದರೆ, ಇಲ್ಲವೇ ಶುಲ್ಕ ಕೇಳಿದರೆ, ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ದೂರಿನ ನಂಬರ್ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು. ಅಲ್ಲಿ ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಸೀಲು ಹಾಕಿಸಿದ ಆ ಜೆರಾಕ್ಸ್ ಕೆಲಸಕ್ಕೆ ಬರುವುದು ಆಗ.

ಕೊನೆಗೆ ಮೆಸೇಜ್ ವಿಷಯ. ಒಂದು ವರ್ಷ ವಹಿವಾಟು ಇಲ್ಲದ ಖಾತೆಗಳನ್ನು ಬ್ಯಾಂಕ್ ಪ್ರತಿ ವರ್ಷ ಪಟ್ಟಿ ಮಾಡಿ, ಹೀಗೇ ಬಿಟ್ಟರೆ ಡಾರ್ಮೆಂಟ್ ಆಗುತ್ತದೆ ಅಂತ ಪತ್ರವೋ ಮೆಸೇಜೋ ಕಳಿಸಬೇಕು. ಅಂಥ ನಿಜವಾದ ಮೆಸೇಜ್ ಬರುತ್ತದೆ ಅಂತ ಗೊತ್ತಿರುವುದರಿಂದಲೇ ಕಳ್ಳರೂ ಅದನ್ನೇ ಬರೆದು, ಕೆಳಗೊಂದು ಲಿಂಕ್ ಇಟ್ಟು, ಇಲ್ಲವೇ ಕಾಲ್ ಮಾಡಿ ಓಟಿಪಿ ಕೇಳುತ್ತಾರೆ. ಡಾರ್ಮೆಂಟ್ ತೆಗೆಯಲು ಬ್ಯಾಂಕಿನವರಿಗೆ ಫೋನಿನಲ್ಲಿ ನಿಮ್ಮ ಓಟಿಪಿ, ಪಿನ್ ಬೇಕಾಗುವುದೇ ಇಲ್ಲ. ನಮ್ಮ ಭಾವನ ಹೊಸ ನಂಬರ್‌ಗೆ, ಅಕೌಂಟ್ ಚಾಲೂ ಆದ ಮೂರನೇ ವಾರಕ್ಕೆ ಇಂಥದ್ದೊಂದು ಕಾಲ್ ಬಂತು, "ನಿಮ್ಮ ಅಕೌಂಟ್ ಡಾರ್ಮೆಂಟ್ ಆಗ್ತಿದೆ ಸಾರ್" ಅಂತ. ಭಾವ "ಆಗಿತ್ತಪ್ಪ, ಹೋದ ತಿಂಗಳೇ ಬಿಡಿಸಿಕೊಂಡು ಬಂದೆ" ಅಂದರು. ಆ ಕಡೆ ಫೋನ್ ಇಟ್ಟರು.